ಮಾತಿನ ಪರೀಕ್ಷೆಯಲ್ಲಿ ನುಡಿಗಟ್ಟು ಮತ್ತು ಫ್ರೇಸಲ್ ವರ್ಬ್: ಎಲ್ಲಿ ಒದಗಿ ಬರುತ್ತವೆ, ಎಲ್ಲಿ ಅಂಟಿಸಿದಂತೆ ಕೇಳಿಸುತ್ತವೆ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್ ಭಾಗಕ್ಕೆ ತಯಾರಾಗುತ್ತಿದ್ದ ಅಭ್ಯರ್ಥಿಯೊಬ್ಬರೊಡನೆ ಅಣಕು ಸಂದರ್ಶನಕ್ಕೆ ಕುಳಿತಿದ್ದೆ. ಸಿನಿಮಾಕ್ಕೆ ಎಷ್ಟು ಸಲ ಹೋಗುತ್ತೀರಿ ಎಂದು ಕೇಳಿದಾಗ ‘ಒನ್ಸ್ ಇನ್ ಬ್ಲೂ ಮೂನ್’ ಎಂದರು. ಅಡುಗೆ ಬರುತ್ತದೆಯೇ ಎಂದು ಕೇಳಿದರೆ ‘ಇಟ್ ಈಸ್ ಪೀಸ್ ಆಫ್ ಕೇಕ್’ ಎಂದರು. ಮಳೆಗಾಲ ಇಷ್ಟವೇ ಎಂಬ ಪ್ರಶ್ನೆ ಬರುವ ಹೊತ್ತಿಗೆ, ನಾಯಿಬೆಕ್ಕುಗಳ ಮಳೆ ಸುರಿಯುವುದು ಖಂಡಿತವೆಂದು ನನಗೆ ಗೊತ್ತಾಗಿ ಹೋಗಿತ್ತು. ಅವರ ಬಳಿ ನೂರು ನುಡಿಗಟ್ಟುಗಳನ್ನು ಬರೆದುಕೊಂಡ ನೋಟ್‌ಬುಕ್ ಇತ್ತು. ಇಂಗ್ಲಿಷ್ ಕೆಟ್ಟದಾಗಿರಲಿಲ್ಲ. ಆದರೆ ಪ್ರತಿ ನುಡಿಗಟ್ಟಿಗೆ ಮುನ್ನ ಅರೆಕ್ಷಣ ತಡೆದು, ಕಣ್ಣು ಮೇಲೆತ್ತಿ, ಬಾಯಿಪಾಠ ಒಪ್ಪಿಸುವ ದನಿಯಲ್ಲಿ ಅದನ್ನು ಹೇಳಿ, ಮತ್ತೆ ತಮ್ಮ ಸಹಜ ದನಿಗೆ ಇಳಿಯುತ್ತಿದ್ದರು. ಎರಡು ಬಾರಿ ‘ಎ’ ಎಂಬ ಪುಟ್ಟ ಆರ್ಟಿಕಲ್ ಬಿದ್ದುಹೋಗಿದ್ದನ್ನೂ ಅವರು ಗಮನಿಸಲಿಲ್ಲ.

ಕನ್ನಡ ಕಲಿತ ಹೊರನಾಡಿನವರೊಬ್ಬರನ್ನು ‘ತಿಂಡಿ ಆಯ್ತಾ?’ ಎಂದು ಕೇಳಿದಾಗ ಅವರು ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಉತ್ತರಿಸಿದರೆ ನಾವು ನಕ್ಕು ಸುಮ್ಮನಾಗುತ್ತೇವೆ. ಗಾದೆ ಸರಿಯಾಗಿಯೇ ಇದೆ, ಜಾಗ ಮಾತ್ರ ಸರಿಯಿಲ್ಲ. ಅದೇ ವ್ಯಕ್ತಿ ‘ಆಗಲೇ ಮುಗಿಸ್ಕೊಂಡು ಬಂದೆ’ ಎಂದರೆ ನಾವು ನಗುವುದಿಲ್ಲ; ಇವರಿಗೆ ಕನ್ನಡ ಚೆನ್ನಾಗಿ ಬರುತ್ತದೆ ಎಂದುಕೊಳ್ಳುತ್ತೇವೆ. ‘ಮುಗಿಸ್ಕೊಂಡು ಬಂದೆ’ ಎಂಬುದರಲ್ಲಿ ಗಾದೆಯೂ ಇಲ್ಲ, ಅಲಂಕಾರವೂ ಇಲ್ಲ. ಆದರೂ ಭಾಷೆಯ ಒಳಗಿನವರು ಹೇಳುವ ರೀತಿ ಅದೇ. ಪರೀಕ್ಷಕರು ಕಿವಿಗೊಡುವುದು ಬಹುಮಟ್ಟಿಗೆ ಈ ಎರಡನೆಯ ಬಗೆಯ ಮಾತಿಗೆ.

ಮೊದಲ ಹೆಜ್ಜೆ: ಅಂಕದ ಮಾನದಂಡ ನಿಜವಾಗಿ ಏನು ಕೇಳುತ್ತದೆ ಎಂದು ನೋಡಿಕೊಳ್ಳಿ

ಈ ಪರೀಕ್ಷೆ 11ರಿಂದ 14 ನಿಮಿಷಗಳ ಮುಖಾಮುಖಿ ಮಾತುಕತೆ. ಅದನ್ನು ನಾಲ್ಕು ಅಳತೆಗೋಲುಗಳಲ್ಲಿ ತೂಗುತ್ತಾರೆ: ಓಘ ಮತ್ತು ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಾನ ತೂಕವಿರುವುದರಿಂದ ನುಡಿಗಟ್ಟುಗಳು ನೇರವಾಗಿ ಪ್ರಭಾವ ಬೀರುವುದು ಪದಸಂಪತ್ತಿನ ಒಂದು ಕಾಲು ಭಾಗದ ಮೇಲೆ ಮಾತ್ರ. ಆ ಕಾಲು ಭಾಗದ ಒಳಗೂ ಅವು ಹಲವು ಅಂಶಗಳಲ್ಲಿ ಒಂದು.

ಬ್ಯಾಂಡ್ ಎಂದರೆ ಈ ಪರೀಕ್ಷೆಯ ಅಂಕದ ಮಟ್ಟ. ಪ್ರಕಟವಾಗಿರುವ ಬ್ಯಾಂಡ್ ವಿವರಣೆಯಲ್ಲಿ ‘ಇಡಿಯಮ್ಯಾಟಿಕ್’ ಎಂಬ ಪದ ಪದಸಂಪತ್ತಿನ ಅಡಿಯಲ್ಲಿ ಮೊದಲು ಕಾಣಿಸಿಕೊಳ್ಳುವುದು 7ನೇ ಬ್ಯಾಂಡಿನಲ್ಲಿ. ಅಷ್ಟು ಸಾಮಾನ್ಯವಲ್ಲದ, ಇಡಿಯಮ್ಯಾಟಿಕ್ ಆದ ಪದಗಳನ್ನು ಸ್ವಲ್ಪಮಟ್ಟಿಗೆ ಬಳಸುತ್ತಾರೆ, ಕೆಲವು ಆಯ್ಕೆಗಳು ತಪ್ಪಬಹುದು ಎಂಬುದು ಅಲ್ಲಿನ ಅಂಶ. 8ರಲ್ಲಿ ಅದೇ ಬಳಕೆ ಕೌಶಲದಿಂದ ಕೂಡಿರಬೇಕು, 9ರಲ್ಲಿ ಸಹಜವಾಗಿಯೂ ನಿಖರವಾಗಿಯೂ ಇರಬೇಕು. 6ನೇ ಬ್ಯಾಂಡಿನ ವಿವರಣೆಯಲ್ಲಿ ಈ ಪದದ ಸುಳಿವೇ ಇಲ್ಲ. ಅಲ್ಲಿ ನೋಡುವುದು ವಿಷಯವನ್ನು ವಿಸ್ತಾರವಾಗಿ ಮಾತನಾಡುವಷ್ಟು ಪದಗಳಿವೆಯೇ, ಗೊತ್ತಿಲ್ಲದ ಪದದ ಬದಲು ಬೇರೆ ಮಾತಿನಲ್ಲಿ ಹೇಳಿ ದಾಟಿಕೊಳ್ಳಲು ಬರುತ್ತದೆಯೇ ಎಂಬುದನ್ನು.

ಗೊಂದಲವೆಲ್ಲ ಹುಟ್ಟುವುದು ‘ಇಡಿಯಮ್ಯಾಟಿಕ್’ ಎಂಬುದನ್ನು ‘ಇಡಿಯಮ್’ ಎಂದು ಓದಿಕೊಳ್ಳುವುದರಿಂದ. ಇಡಿಯಮ್ ಎಂದರೆ ನಮ್ಮ ಶಾಲಾ ವ್ಯಾಕರಣ ಪುಸ್ತಕದ ಪಟ್ಟಿಯಲ್ಲಿರುವ ಚಿತ್ರವತ್ತಾದ ನುಡಿಗಟ್ಟು. ಇಡಿಯಮ್ಯಾಟಿಕ್ ಎಂದರೆ ಆ ಭಾಷೆಯವರು ಹೇಳುವ ಜಾಡಿನಲ್ಲಿರುವ ಮಾತು. ‘ಗ್ರೋ ಅಪ್’, ‘ಎಂಡ್ ಅಪ್’, ‘ಎವ್ರಿ ನೌ ಆ್ಯಂಡ್ ದೆನ್’, ‘ಎ ಬಿಟ್ ಆಫ್ ಎ ಪ್ರಾಬ್ಲಮ್’ ಎಲ್ಲವೂ ಈ ಎರಡನೆಯ ಗುಂಪಿಗೆ ಸೇರುತ್ತವೆ. ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಒಂದೂ ಇಲ್ಲದೆ ಮೇಲಿನ ಬ್ಯಾಂಡ್ ಮುಟ್ಟಬಹುದು, ಹತ್ತು ಇದ್ದೂ 6ರಲ್ಲಿಯೇ ಉಳಿಯಬಹುದು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಿಮ್ಮ ಅಂಕ 5.5ರ ಆಸುಪಾಸಿನಲ್ಲಿದ್ದು, ಅದಕ್ಕೆ ಕಾರಣ ನಡುನಡುವೆ ಮಾತು ನಿಲ್ಲುವುದೋ ಕ್ರಿಯಾಪದದ ಕಾಲ ತಪ್ಪುವುದೋ ಆಗಿದ್ದರೆ, ಈ ಲೇಖನದ ಉಳಿದ ಭಾಗವನ್ನು ಎರಡು ತಿಂಗಳು ಬಿಟ್ಟು ಓದಿದರೂ ನಷ್ಟವಿಲ್ಲ.

ಎರಡನೆಯ ಹೆಜ್ಜೆ: ಕೈಯಲ್ಲಿರುವ ಸರಕನ್ನು ಮೂರು ಗುಡ್ಡೆ ಮಾಡಿ

ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಅದರಲ್ಲಿರುವುದನ್ನೆಲ್ಲ ವಿಂಗಡಿಸಿ. ಮೊದಲ ಗುಡ್ಡೆಯಲ್ಲಿ ದಿನಬಳಕೆಯ ಫ್ರೇಸಲ್ ವರ್ಬ್‌ಗಳು ಇರಲಿ. ಅಂದರೆ ಕ್ರಿಯಾಪದಕ್ಕೆ ‘ಅಪ್’, ‘ಆಫ್’, ‘ಔಟ್’ ಮುಂತಾದ ಒಂದು ತುಣುಕು ಸೇರಿ ಹೊಸ ಅರ್ಥ ಕೊಡುವಂಥವು: ಮುಂದೂಡುವುದಕ್ಕೆ ‘ಪುಟ್ ಆಫ್’, ಮುಗಿದುಹೋಗುವುದಕ್ಕೆ ‘ರನ್ ಔಟ್ ಆಫ್’, ಕೊನೆಗೆ ಹೀಗಾಯಿತು ಎನ್ನುವುದಕ್ಕೆ ‘ಟರ್ನ್ ಔಟ್’, ಹೊಂದಿಕೊಂಡು ಹೋಗುವುದಕ್ಕೆ ‘ಗೆಟ್ ಆನ್ ವಿತ್’. ಎರಡನೆಯದರಲ್ಲಿ ಚಿತ್ರ ಮಾಸಿಹೋಗಿರುವ ಸಣ್ಣ ನುಡಿಗಟ್ಟುಗಳು: ‘ಕೀಪ್ ಆ್ಯನ್ ಐ ಆನ್’, ‘ಗೆಟ್ ದ ಹ್ಯಾಂಗ್ ಆಫ್ ಇಟ್’, ‘ಇನ್ ದ ಲಾಂಗ್ ರನ್’. ಇವನ್ನು ಕೇಳಿದಾಗ ಯಾರ ಕಣ್ಣ ಮುಂದೆಯೂ ಚಿತ್ರ ಬರುವುದಿಲ್ಲ. ಮೂರನೆಯದರಲ್ಲಿ ಚಿತ್ರ ಇನ್ನೂ ಢಾಳಾಗಿರುವ ನುಡಿಗಟ್ಟುಗಳು: ನೀಲಿ ಚಂದ್ರ, ಬೆಕ್ಕುನಾಯಿ, ಒಂಬತ್ತನೆಯ ಮೋಡ, ಕೈಕಾಲು ಕೊಟ್ಟು ಕೊಳ್ಳುವ ದುಬಾರಿ ವಸ್ತು.

ಮೊದಲ ಗುಡ್ಡೆಯನ್ನು ಎಷ್ಟು ಬೇಕಾದರೂ ಬಳಸಬಹುದು, ಏಕೆಂದರೆ ಕೇಳುವವರಿಗೆ ಅದು ಪ್ರತ್ಯೇಕವಾಗಿ ಕಾಣಿಸುವುದೇ ಇಲ್ಲ. ಎರಡನೆಯದನ್ನು ಒಂದು ದೀರ್ಘ ಉತ್ತರದಲ್ಲಿ ಒಂದೋ ಎರಡೋ ಸಲ. ಮೂರನೆಯದು ಇಡೀ ಪರೀಕ್ಷೆಯಲ್ಲಿ ಒಂದು ಬಂದರೆ ಸಾಕು, ಬಾರದಿದ್ದರೂ ಯಾವ ಕೊರತೆಯೂ ಆಗದು. ಇದು ಪರೀಕ್ಷಾ ಮಂಡಳಿಯ ನಿಯಮವಲ್ಲ, ನನ್ನ ಅಳತೆ. ಎರಡು ಚಿತ್ರಗಳು ಒಂದೇ ಉತ್ತರದಲ್ಲಿ ಬಂದೊಡನೆ ಕೇಳುವವರ ಗಮನ ವಿಷಯವನ್ನು ಬಿಟ್ಟು ಪದಗಳ ಮೇಲೆ ಹರಿಯುತ್ತದೆ ಎಂಬುದನ್ನು ಮೇಜಿನ ಈಚೆ ಬದಿಯಲ್ಲಿ ಕುಳಿತು ಕಂಡಿದ್ದೇನೆ.

ಮೂರನೆಯ ಹೆಜ್ಜೆ: ಫ್ರೇಸಲ್ ವರ್ಬನ್ನು ಕನ್ನಡದ ಕಡೆಯಿಂದ ಹಿಡಿಯಿರಿ

ಫ್ರೇಸಲ್ ವರ್ಬ್ ಎಂದರೆ ಹಲವರು ಹೆದರುತ್ತಾರೆ. ಆದರೆ ಕನ್ನಡಿಗರಿಗೆ ಇದರ ಮರ್ಮ ಹೊಸದೇನಲ್ಲ. ‘ಅಜ್ಜಿಯನ್ನು ನೋಡಿದೆ’ ಎಂಬುದಕ್ಕೂ ‘ಅಜ್ಜಿಯನ್ನು ನೋಡಿಕೊಂಡೆ’ ಎಂಬುದಕ್ಕೂ ಇರುವ ಅಂತರವನ್ನು ಗಮನಿಸಿ. ಕ್ರಿಯೆ ಒಂದೇ, ಅದರ ಬೆನ್ನಿಗೆ ‘ಕೊಳ್ಳು’ ಸೇರಿದೊಡನೆ ನೋಟ ಹೋಗಿ ಆರೈಕೆ ಬಂದಿತು. ‘ಲುಕ್ ಅಟ್’ ಮತ್ತು ‘ಲುಕ್ ಆಫ್ಟರ್’ ನಡುವಿನ ಅಂತರವೂ ಇದೇ. ‘ಬರೆದೆ’ ಮತ್ತು ‘ಬರೆದುಕೊಂಡೆ’ ನಡುವೆ ‘ರೈಟ್’ ಮತ್ತು ‘ರೈಟ್ ಡೌನ್’ ಇವೆ. ‘ಬಿಟ್ಟೆ’ ಎಂಬುದು ‘ಬಿಟ್ಟುಬಿಟ್ಟೆ’ ಆದಾಗ ‘ಗಿವ್ ಅಪ್’ ಹತ್ತಿರವಾಗುತ್ತದೆ. ಒಂದಕ್ಕೊಂದು ಅಚ್ಚುಕಟ್ಟಾಗಿ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಮಾತಾಡುವಾಗ ಸಣ್ಣ ಕ್ರಿಯಾಪದದ ಬಾಲವನ್ನು ಬದಲಿಸಿ ಅರ್ಥ ಪಡೆಯುವ ಅಭ್ಯಾಸ ನಮ್ಮ ನಾಲಿಗೆಗೆ ಈಗಾಗಲೇ ಇದೆ ಎಂಬುದಷ್ಟೇ ಮುಖ್ಯ.

ಪುಸ್ತಕದಿಂದ ಇಂಗ್ಲಿಷ್ ಕಲಿತವರಲ್ಲಿ ಇದಕ್ಕೆ ವಿರುದ್ಧವಾದ ದೋಷ ಕಾಣುತ್ತದೆ. ‘ಐ ರಿಸೈಡ್ ಇನ್ ಹಾಸನ್’, ‘ಐ ಪರ್ಚೇಸ್ಡ್ ಎ ಸ್ಕೂಟರ್’, ‘ಐ ಪೋಸ್ಟ್‌ಪೋನ್ಡ್ ಮೈ ಲರ್ನಿಂಗ್’ ಎಂಬಂಥ ವಾಕ್ಯಗಳಲ್ಲಿ ವ್ಯಾಕರಣದ ತಪ್ಪಿಲ್ಲ, ಆದರೆ ಗೆಳೆಯರೊಡನೆ ಹರಟುವಾಗ ‘ನಾನು ಹಾಸನದಲ್ಲಿ ವಾಸ್ತವ್ಯ ಹೂಡಿದ್ದೇನೆ’ ಎಂದಂತಿರುತ್ತದೆ. ಫ್ರೇಸಲ್ ವರ್ಬ್ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ: ಅರ್ಜಿಯ ಭಾಷೆಯನ್ನು ಮಾತಿನ ಭಾಷೆಗೆ ಇಳಿಸಲು. ಹಾಗೆಂದು ಎಲ್ಲ ಫ್ರೇಸಲ್ ವರ್ಬ್‌ಗಳೂ ಸಲಿಗೆಯವಲ್ಲ. ‘ಕ್ಯಾರಿ ಔಟ್’, ‘ಫೇಸ್ ಔಟ್’ ಮೊದಲಾದವು ಗಂಭೀರ ಬರವಣಿಗೆಯಲ್ಲಿಯೂ ಸಲ್ಲುತ್ತವೆ. ‘ಚಿಲ್ ಔಟ್’, ‘ಹ್ಯಾಂಗ್ ಔಟ್’ ಗೆಳೆಯರ ನಡುವಿನವು.

ನಮ್ಮಲ್ಲಿ ರೂಢಿಯಾಗಿರುವ ಕೆಲವು ರೂಪಗಳನ್ನು ಮಾತ್ರ ಈ ಹಂತದಲ್ಲಿಯೇ ಕಿತ್ತು ಹಾಕಬೇಕು. ‘ಕೋಪ್ ಅಪ್ ವಿತ್’ ಎಂಬುದರಲ್ಲಿ ‘ಅಪ್’ ಇಲ್ಲ, ‘ಕೋಪ್ ವಿತ್’ ಅಷ್ಟೇ. ‘ರಿಟರ್ನ್ ಬ್ಯಾಕ್’ನಲ್ಲಿ ‘ಬ್ಯಾಕ್’ ಹೆಚ್ಚಿನದು. ‘ಐ ಪಾಸ್ಡ್ ಔಟ್ ಇನ್ 2019’ ಎಂದರೆ ಪದವಿ ಮುಗಿಸಿದೆ ಎಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ. ಬ್ರಿಟನ್ನಿನ ಸಾಮಾನ್ಯ ಬಳಕೆಯಲ್ಲಿ ಅದು ಪ್ರಜ್ಞೆ ತಪ್ಪಿ ಬಿದ್ದೆ ಎಂದಾಗುತ್ತದೆ. ‘ಐ ಗ್ರಾಜುಯೇಟೆಡ್ ಇನ್ 2019’ ಎನ್ನುವುದು ಸುರಕ್ಷಿತ.

ಕನ್ನಡದ ನುಡಿಗಟ್ಟನ್ನು ಹಾಗೆಯೇ ಸಾಗಿಸುವುದು ಇನ್ನೂ ಅಪಾಯ. ‘ಅವನು ಕೈಕೊಟ್ಟ’ ಎಂದರೆ ನಮಗೆ ನಂಬಿಸಿ ಮೋಸ ಮಾಡಿದ ಎಂದರ್ಥ, ‘ಹಿ ಗೇವ್ ಮಿ ಎ ಹ್ಯಾಂಡ್’ ಎಂದರೆ ಸಹಾಯ ಮಾಡಿದ ಎಂದರ್ಥ. ಗೆಳೆಯ ಕೈಕೊಟ್ಟ ಕಥೆಯನ್ನು ಹೇಳುವಾಗ ಬೇಕಾಗುವುದು ‘ಹಿ ಲೆಟ್ ಮಿ ಡೌನ್’. ‘ತಲೆ ತಿನ್ನುವುದು’ ಕೂಡ ಇಂಗ್ಲಿಷಿನ ಗಡಿ ದಾಟುವುದಿಲ್ಲ.

ನಾಲ್ಕನೆಯ ಹೆಜ್ಜೆ: ರೂಪವನ್ನು ಪೂರ್ತಿಯಾಗಿ ಕಲಿಯಿರಿ, ಇಲ್ಲವೇ ಮುಟ್ಟಬೇಡಿ

ನುಡಿಗಟ್ಟು ಒಂದು ಇಡಿಯಾದ ತುಂಡು. ಅದರ ಒಂದು ಅಕ್ಷರ ಕಳಚಿದರೂ ಕಿವಿಗೆ ತಟ್ಟುತ್ತದೆ. ಕನ್ನಡದಲ್ಲಿ ‘ಎ’, ‘ದ’ಗಳಿಗೆ ಸಮನಾದುದು ಇಲ್ಲದಿರುವುದರಿಂದ ನಾವು ಮೊದಲು ಬೀಳಿಸುವುದು ಅವನ್ನೇ: ‘ಒನ್ಸ್ ಇನ್ ಬ್ಲೂ ಮೂನ್’, ‘ಗೆಟ್ ಹ್ಯಾಂಗ್ ಆಫ್ ಇಟ್’. ಸಾಮಾನ್ಯ ವಾಕ್ಯದಲ್ಲಿ ಒಂದು ಆರ್ಟಿಕಲ್ ಬಿದ್ದರೆ ಅದು ಸಣ್ಣ ವ್ಯಾಕರಣ ದೋಷ. ನುಡಿಗಟ್ಟಿನೊಳಗೆ ಬಿದ್ದರೆ, ಇವರು ಇದನ್ನು ಕೇಳಿ ಕಲಿತಿಲ್ಲ, ಪಟ್ಟಿಯಿಂದ ಎತ್ತಿಕೊಂಡಿದ್ದಾರೆ ಎಂಬುದು ಬಯಲಾಗುತ್ತದೆ.

ಫ್ರೇಸಲ್ ವರ್ಬಿನಲ್ಲಿ ನೋಡಬೇಕಾದುದು ಕರ್ಮಪದದ ಜಾಗ. ‘ಪಿಕ್ ಅಪ್’, ‘ಪುಟ್ ಆಫ್’ ಬಗೆಯವು ಬಿಡಿಸಬಹುದಾದವು. ‘ಇಟ್’, ‘ಹರ್’, ‘ದೆಮ್’ನಂಥ ಸರ್ವನಾಮ ಬಂದಾಗ ಅದು ನಡುವೆಯೇ ಕೂರಬೇಕು: ‘ಐ ಪುಟ್ ಇಟ್ ಆಫ್’, ‘ಐ ಪಿಕ್ ಹರ್ ಅಪ್’. ‘ಐ ಪುಟ್ ಆಫ್ ಇಟ್’ ಎನ್ನುವಂತಿಲ್ಲ. ‘ಲುಕ್ ಆಫ್ಟರ್’, ‘ರನ್ ಔಟ್ ಆಫ್’ ಬಗೆಯವು ಬಿಡಿಸಲಾಗದವು, ಅಲ್ಲಿ ಸರ್ವನಾಮ ಕೊನೆಗೇ ಬರುತ್ತದೆ. ಆದುದರಿಂದ ನೋಟ್‌ಬುಕ್ಕಿನಲ್ಲಿ ‘ಪುಟ್ ಆಫ್ = ಮುಂದೂಡು’ ಎಂದು ಬರೆಯುವ ಬದಲು, ‘ಐ ಕೆಪ್ಟ್ ಪುಟಿಂಗ್ ಇಟ್ ಆಫ್’ ಎಂದು ‘ಇಟ್’ ಸಮೇತ ಇಡೀ ವಾಕ್ಯ ಬರೆದುಕೊಳ್ಳಿ. ಇದೊಂದು ಅಭ್ಯಾಸದಿಂದ ಅರ್ಧ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ.

ಉಚ್ಚಾರಣೆಯ ಬಗ್ಗೆ ಒಂದೇ ಮಾತು. ‘ಪಿಕ್ ಹರ್ ಅಪ್’ ಎನ್ನುವಾಗ ಒತ್ತು ಬೀಳುವುದು ಕೊನೆಯ ‘ಅಪ್’ ಮೇಲೆ. ಮೂರು ಪದಗಳನ್ನೂ ಒಂದೇ ತೂಕದಲ್ಲಿ ಬಿಡಿಬಿಡಿಯಾಗಿ ಹೇಳಿದರೆ ಸರಿಯಾದ ರೂಪವೂ ಓದಿ ಹೇಳಿದಂತೆ ಕೇಳುತ್ತದೆ.

ಐದನೆಯ ಹೆಜ್ಜೆ: ಒಂದು ಉತ್ತರವನ್ನು ಬಿಚ್ಚಿ ಮತ್ತೆ ಕಟ್ಟಿ ನೋಡಿ

ಪರೀಕ್ಷೆಯ ಎರಡನೆಯ ಭಾಗದಲ್ಲಿ ಒಂದು ಕ್ಯೂ ಕಾರ್ಡ್ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಒಂದರಿಂದ ಎರಡು ನಿಮಿಷ ಮಾತನಾಡಲು ಹೇಳುತ್ತಾರೆ. ವಿಷಯ ಹೀಗಿರಲಿ: ಶಾಲೆಯ ಹೊರಗೆ ನೀವು ಕಲಿತ ಒಂದು ಕೌಶಲದ ಬಗ್ಗೆ ಹೇಳಿ. ಮೊದಲು ಹೇಳಿದ ಅಭ್ಯರ್ಥಿ, ವೃತ್ತಿಯಿಂದ ನರ್ಸ್, ಸ್ಕೂಟರ್ ಕಲಿತದ್ದನ್ನು ಆರಿಸಿಕೊಂಡರು. ಅವರ ಮೊದಲ ಉತ್ತರದ ತಿರುಳು ಹೀಗಿತ್ತು:

‘ಲರ್ನಿಂಗ್ ಸ್ಕೂಟರ್ ವಾಸ್ ಎ ಪೀಸ್ ಆಫ್ ಕೇಕ್ ಫಾರ್ ಮೈ ಬ್ರದರ್, ಬಟ್ ಫಾರ್ ಮಿ ಇಟ್ ವಾಸ್ ಎ ಹಾರ್ಡ್ ನಟ್ ಟು ಕ್ರ್ಯಾಕ್. ಮೈ ಅಂಕಲ್, ಹೂ ಈಸ್ ದ ಆ್ಯಪಲ್ ಆಫ್ ಮೈ ಐ, ಟಾಟ್ ಮಿ. ಐ ಬರ್ನ್ಟ್ ದ ಮಿಡ್‌ನೈಟ್ ಆಯಿಲ್. ಫೈನಲಿ ಐ ಲರ್ನ್ಟ್ ಆ್ಯಂಡ್ ಐ ವಾಸ್ ಆನ್ ಕ್ಲೌಡ್ ನೈನ್.’

ನಾಲ್ಕು ವಾಕ್ಯಕ್ಕೆ ಐದು ನುಡಿಗಟ್ಟು. ಒಂದೊಂದನ್ನೇ ಎತ್ತಿ ನೋಡೋಣ. ‘ಪೀಸ್ ಆಫ್ ಕೇಕ್’ ಮತ್ತು ‘ಹಾರ್ಡ್ ನಟ್’ ತಪ್ಪೇನಲ್ಲ. ಆದರೆ ಬೆನ್ನಿಗೆ ಬೆನ್ನು ಹಚ್ಚಿ ಬಂದುದರಿಂದ ತಿಂಡಿಯಂಗಡಿಯ ನೆನಪಾಗುತ್ತದೆ. ಮೇಲಾಗಿ ಎರಡೂ ಸೇರಿ ಹೇಳಿದ್ದು ‘ಅವನಿಗೆ ಸುಲಭ, ನನಗೆ ಕಷ್ಟ’ ಎಂಬ ಮಾತನ್ನು ಮಾತ್ರ, ಕಷ್ಟ ಎಂಥದು ಎಂಬುದು ತಿಳಿಯಲೇ ಇಲ್ಲ. ‘ಆ್ಯಪಲ್ ಆಫ್ ಮೈ ಐ’ ಎಂಬುದನ್ನು ಸಾಮಾನ್ಯವಾಗಿ ಹಿರಿಯರು ಮುದ್ದಿನ ಮಗುವಿನ ಬಗ್ಗೆ ಹೇಳುತ್ತಾರೆ. ಸೋದರಮಾವನನ್ನು ಹಾಗೆ ಕರೆದರೆ ದಿಕ್ಕು ತಿರುವುಮುರುವಾಗುತ್ತದೆ. ‘ಮಿಡ್‌ನೈಟ್ ಆಯಿಲ್’ ರಾತ್ರಿ ನಿದ್ದೆಗೆಟ್ಟು ಓದುವವರಿಗೆ ಸಲ್ಲುವ ಮಾತು. ನಡುರಾತ್ರಿ ಸ್ಕೂಟರ್ ಕಲಿತಿರಾ ಎಂದು ನಾನು ಕೇಳಿದಾಗ ಅವರೇ ನಕ್ಕುಬಿಟ್ಟರು. ‘ಕ್ಲೌಡ್ ನೈನ್’ ಒಂದನ್ನು ಬೇಕಾದರೆ ಉಳಿಸಬಹುದಿತ್ತು, ಆದರೆ ಆ ಹೊತ್ತಿಗೆ ಕೇಳುವವರಿಗೆ ದಣಿವಾಗಿರುತ್ತದೆ.

ಆಮೇಲೆ ನೋಟ್‌ಬುಕ್ ಮುಚ್ಚಿಸಿ, ನಡೆದದ್ದನ್ನು ನನಗೆ ಕನ್ನಡದಲ್ಲಿಯೇ ಹೇಳಿ ಎಂದೆ. ಅವರು ಹೇಳಿದರು: ‘ಕಲೀಬೇಕು ಅಂತ ವರ್ಷಗಟ್ಟಲೆ ಮುಂದಕ್ಕೆ ಹಾಕ್ತಾನೇ ಬಂದೆ ಸರ್. ರಾತ್ರಿ ಪಾಳಿ ಮುಗಿಸಿ ಬರೋವಾಗ ಬಸ್ ಇರ್ತಿರಲಿಲ್ಲ, ನಮ್ಮ ಮಾವ ಬಿಡದೆ ಒಪ್ಪಿಸಿದ್ರು. ಎರಡು ಸಲ ಬಿದ್ದೆ. ಸಾಕಪ್ಪ ಅಂತ ಬಿಟ್ಟೇಬಿಡೋಳಿದ್ದೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂಗೆ ಕೈಗೆ ಹತ್ತಿಬಿಡ್ತು. ಈಗ ಮಗಳನ್ನ ಸ್ಕೂಲಿಂದ ನಾನೇ ಕರ್ಕೊಂಡು ಬರ್ತೀನಿ.’

ಈ ಕಥೆಯಲ್ಲಿ ಫ್ರೇಸಲ್ ವರ್ಬ್‌ಗಳ ಜಾಗಗಳು ತಾವಾಗಿಯೇ ತೆರೆದುಕೊಂಡಿವೆ. ‘ಮುಂದಕ್ಕೆ ಹಾಕ್ತಾನೇ ಬಂದೆ’ ಎಂಬಲ್ಲಿ ‘ಕೆಪ್ಟ್ ಪುಟಿಂಗ್ ಇಟ್ ಆಫ್’, ‘ಬಿಡದೆ ಒಪ್ಪಿಸಿದ್ರು’ ಎಂಬಲ್ಲಿ ‘ಟಾಕ್ಡ್ ಮಿ ಇಂಟು ಇಟ್’, ‘ಬಿದ್ದೆ’ ಎಂಬಲ್ಲಿ ‘ಫೆಲ್ ಆಫ್’, ‘ಬಿಟ್ಟೇಬಿಡೋಳಿದ್ದೆ’ ಎಂಬಲ್ಲಿ ‘ನಿಯರ್ಲಿ ಗೇವ್ ಅಪ್’, ‘ಕೈಗೆ ಹತ್ತಿಬಿಡ್ತು’ ಎಂಬಲ್ಲಿ ‘ಗಾಟ್ ದ ಹ್ಯಾಂಗ್ ಆಫ್ ಇಟ್’, ‘ಕರ್ಕೊಂಡು ಬರ್ತೀನಿ’ ಎಂಬಲ್ಲಿ ‘ಪಿಕ್ ಹರ್ ಅಪ್’. ಎರಡನೆಯ ಉತ್ತರ ಹೀಗೆ ರೂಪುಗೊಂಡಿತು:

‘ಐ ಕೆಪ್ಟ್ ಪುಟಿಂಗ್ ಇಟ್ ಆಫ್ ಫಾರ್ ಇಯರ್ಸ್, ಟು ಬಿ ಆನೆಸ್ಟ್. ಬಟ್ ದೇರ್ ವಾಸ್ ನೋ ಬಸ್ ಆಫ್ಟರ್ ಮೈ ನೈಟ್ ಶಿಫ್ಟ್, ಸೋ ಮೈ ಅಂಕಲ್ ಟಾಕ್ಡ್ ಮಿ ಇಂಟು ಇಟ್. ಐ ಫೆಲ್ ಆಫ್ ಟ್ವೈಸ್ ಇನ್ ದ ಫಸ್ಟ್ ವೀಕ್ ಆ್ಯಂಡ್ ನಿಯರ್ಲಿ ಗೇವ್ ಅಪ್. ದೆನ್ ಒನ್ ಮಾರ್ನಿಂಗ್ ಐ ಜಸ್ಟ್ ಗಾಟ್ ದ ಹ್ಯಾಂಗ್ ಆಫ್ ಇಟ್. ದೀಸ್ ಡೇಸ್ ಐ ಈವನ್ ಪಿಕ್ ಮೈ ಡಾಟರ್ ಅಪ್ ಫ್ರಮ್ ಸ್ಕೂಲ್.’

ಇದರಲ್ಲಿಯೂ ಆರು ಇಡಿಯಮ್ಯಾಟಿಕ್ ತುಣುಕುಗಳಿವೆ, ‘ಟು ಬಿ ಆನೆಸ್ಟ್’ ಸೇರಿದರೆ ಏಳು. ಮೊದಲ ಉತ್ತರಕ್ಕಿಂತ ಹೆಚ್ಚು. ಆದರೂ ಒಂದೂ ಎದ್ದು ಕಾಣುವುದಿಲ್ಲ, ಏಕೆಂದರೆ ಪ್ರತಿಯೊಂದೂ ಕಥೆಯ ಒಂದೊಂದು ತಿರುವನ್ನು ಹೊತ್ತಿದೆ. ಯಾವುದೇ ನುಡಿಗಟ್ಟನ್ನು ಪರೀಕ್ಷಿಸುವ ಬಗೆಯೂ ಇದರಲ್ಲಿಯೇ ಇದೆ: ಅದನ್ನು ತೆಗೆದುಹಾಕಿದರೆ ಒಂದು ಘಟನೆ ಕಾಣೆಯಾಗುತ್ತದೆಯೇ, ಅಥವಾ ಬರಿಯ ಅಲಂಕಾರ ಕಾಣೆಯಾಗುತ್ತದೆಯೇ? ‘ನಿಯರ್ಲಿ ಗೇವ್ ಅಪ್’ ತೆಗೆದರೆ ಕಥೆಯಲ್ಲಿ ಗುಂಡಿ ಬೀಳುತ್ತದೆ. ‘ಆ್ಯಪಲ್ ಆಫ್ ಮೈ ಐ’ ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಹೇಳಿಸಿದ್ದು ಅನುವಾದಕ್ಕಾಗಿ ಅಲ್ಲ. ಕಥೆ ಎಲ್ಲಿ ತಿರುಗುತ್ತದೆ ಎಂಬುದನ್ನು ಕಾಣಿಸಿಕೊಳ್ಳಲು ಮಾತ್ರ. ಕೋಣೆಯೊಳಗೆ ಕುಳಿತಾಗ ತಲೆಯಲ್ಲಿ ಕನ್ನಡ ವಾಕ್ಯ ಕಟ್ಟಿ ಇಂಗ್ಲಿಷಿಗೆ ತಿರುಗಿಸುತ್ತಾ ಹೋದರೆ ಓಘವೇ ಹೋಗುತ್ತದೆ.

ಆರನೆಯ ಹೆಜ್ಜೆ: ಪರೀಕ್ಷೆಯ ಮೂರು ಭಾಗಗಳಿಗೆ ಮೂರು ಹದ

ಮೊದಲ ಭಾಗ ನಾಲ್ಕೈದು ನಿಮಿಷದ್ದು: ಮನೆ, ಕೆಲಸ, ಹವ್ಯಾಸಗಳ ಬಗ್ಗೆ ಸಣ್ಣ ಪ್ರಶ್ನೆಗಳು. ಎರಡು ಮೂರು ವಾಕ್ಯದ ಉತ್ತರದಲ್ಲಿ ಚಿತ್ರವತ್ತಾದ ನುಡಿಗಟ್ಟಿಗೆ ಎಡೆಯಿಲ್ಲ. ‘ಐ ಗ್ರೂ ಅಪ್ ಇನ್ ಎ ಸ್ಮಾಲ್ ವಿಲೇಜ್’, ‘ಐ ಗೆಟ್ ಆನ್ ವೆಲ್ ವಿತ್ ಮೈ ನೇಬರ್ಸ್’ ಸಾಕು. ಎರಡನೆಯ ಭಾಗ ಕಥೆ ಹೇಳುವ ಜಾಗವಾದ್ದರಿಂದ ಮೇಲೆ ಕಂಡಂತೆ ಫ್ರೇಸಲ್ ವರ್ಬ್‌ಗಳಿಗೆ ಅತ್ಯಂತ ಹಸನಾದ ನೆಲ. ಒಂದು ಢಾಳ ನುಡಿಗಟ್ಟನ್ನು ಬಳಸಲೇಬೇಕೆಂಬ ಆಸೆಯಿದ್ದರೆ ಭಾವ ಉಕ್ಕುವ ಕಡೆ, ಒಂದೇ ಸಲ ಇರಲಿ.

ಮೂರನೆಯ ಭಾಗದಲ್ಲಿ ಮಾತು ನಿಮ್ಮಿಂದ ಸಮಾಜದ ಕಡೆಗೆ ಹೊರಳುತ್ತದೆ. ಸ್ಕೂಟರಿನ ನಂತರ ಬರಬಹುದಾದ ಪ್ರಶ್ನೆ: ವಯಸ್ಸಾದವರಿಗೆ ಹೊಸತನ್ನು ಕಲಿಯುವುದು ಕಷ್ಟವೇ? ಇಲ್ಲಿ ‘ಪಿಕ್ ಥಿಂಗ್ಸ್ ಅಪ್’, ‘ಕೀಪ್ ಅಪ್ ವಿತ್ ಟೆಕ್ನಾಲಜಿ’, ‘ಫಾಲ್ ಬಿಹೈಂಡ್’ ಸೊಗಸಾಗಿ ಕೂರುತ್ತವೆ, ಅವುಗಳ ನಡುವೆ ‘ಕಾನ್ಫಿಡೆನ್ಸ್’, ‘ಆ್ಯಕ್ಸೆಸ್’ನಂಥ ವಿಚಾರದ ಪದಗಳೂ ಬೇಕು. ನೋಟ್‌ಬುಕ್ಕಿನವರಿಗೆ ಈ ಪ್ರಶ್ನೆ ಕೇಳಿದೊಡನೆ ಮುದಿ ನಾಯಿಗೆ ಹೊಸ ವಿದ್ಯೆ ಕಲಿಸಲಾಗದು ಎಂಬ ಇಂಗ್ಲಿಷ್ ಗಾದೆ ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ಉತ್ತರವೆಂಬಂತೆ ಪೂರ್ತಿ ಒಪ್ಪಿಸಿದರೆ ಹಿರಿಯರ ಬಗ್ಗೆ ಒರಟಾಗಿಯೂ ಕೇಳುತ್ತದೆ, ಯೋಚನೆಯ ಬದಲಿಗೆ ಗಾದೆ ಕೊಟ್ಟಂತೆಯೂ ಆಗುತ್ತದೆ.

ನಾವು ಕನ್ನಡದಲ್ಲಿ ಇಂಥ ಹೊತ್ತಿನಲ್ಲಿ ಏನು ಮಾಡುತ್ತೇವೆ? ‘ಗಿಡವಾಗಿ ಬಗ್ಗದ್ದು ಅಂತಾರಲ್ಲ, ಆದರೆ ನಮ್ಮಜ್ಜಿ ಎಪ್ಪತ್ತರಲ್ಲಿ ಮೊಬೈಲ್ ಕಲಿತರು’ ಎನ್ನುತ್ತೇವೆ. ಗಾದೆಯನ್ನು ಅರ್ಧಕ್ಕೆ ಬಿಟ್ಟು, ಅದರಿಂದ ಒಂದು ಹೆಜ್ಜೆ ದೂರ ನಿಂತು, ನಮ್ಮ ಮಾತನ್ನು ಆರಂಭಿಸುತ್ತೇವೆ. ಇಂಗ್ಲಿಷಿನವರೂ ಹೀಗೆಯೇ ಮಾಡುತ್ತಾರೆ: ‘ದೇರ್ಸ್ ದ್ಯಾಟ್ ಸೇಯಿಂಗ್ ಅಬೌಟ್ ಓಲ್ಡ್ ಡಾಗ್ಸ್ ಆ್ಯಂಡ್ ನ್ಯೂ ಟ್ರಿಕ್ಸ್, ಬಟ್ ಐ ಡೋಂಟ್ ಥಿಂಕ್ ಇಟ್ಸ್ ರಿಯಲಿ ಟ್ರೂ. ಮೈ ಗ್ರ್ಯಾಂಡ್‌ಮದರ್...’ ಗಾದೆ ಇಲ್ಲಿ ವಾದಕ್ಕೆ ಮೆಟ್ಟಿಲಾಯಿತು. ಮಾನದಂಡ ಕೌಶಲ ಎಂದು ಕರೆಯುವುದು ಇಂಥದನ್ನೇ ಎಂದು ನನ್ನ ತಿಳಿವಳಿಕೆ.

ಏಳನೆಯ ಹೆಜ್ಜೆ: ಫೋನಿನಲ್ಲಿ ಧ್ವನಿಮುದ್ರಿಸಿ, ಕಿವಿಯಿಂದ ತಿದ್ದಿಕೊಳ್ಳಿ

ಅಂಟಿಸಿದ ಮಾತು ಆಡುವವರಿಗೆ ಗೊತ್ತಾಗುವುದಿಲ್ಲ, ಕೇಳುವವರಿಗೆ ಗೊತ್ತಾಗುತ್ತದೆ. ಆದುದರಿಂದ ಎರಡು ನಿಮಿಷ ಮಾತನಾಡಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಮಾರನೆಯ ದಿನ ಪರರ ಮಾತಿನಂತೆ ಕೇಳಿ. ಮೂರು ಗುರುತುಗಳಿಗೆ ಕಿವಿಯಿಡಿ: ನುಡಿಗಟ್ಟಿಗೆ ಮುನ್ನ ಮಾತು ತಡೆಯಿತೇ, ನುಡಿಗಟ್ಟನ್ನು ಹೇಳುವಾಗ ವೇಗ ಇದ್ದಕ್ಕಿದ್ದಂತೆ ಏರಿತೇ, ಮುಗಿದ ಮೇಲೆ ‘ಹೇಳಿದೆನಲ್ಲ’ ಎಂಬಂತೆ ದನಿ ವಿರಮಿಸಿತೇ. ಮೂರರಲ್ಲಿ ಒಂದು ಕಂಡರೂ ಆ ನುಡಿಗಟ್ಟು ಇನ್ನೂ ನಿಮ್ಮದಾಗಿಲ್ಲ. ತಡೆದದ್ದಕ್ಕೆ ಓಘದಲ್ಲಿಯೂ ನಷ್ಟವಿರುವುದರಿಂದ, ಪದಸಂಪತ್ತಿಗೆಂದು ಹಾಕಿದ ಬಂಡವಾಳ ಪಕ್ಕದ ಅಂಗಡಿಯಲ್ಲಿ ಸಾಲವಾಗಿ ಕೂರುತ್ತದೆ.

ನಂತರ ಆ ಎರಡು ನಿಮಿಷವನ್ನು ಬರೆದುಕೊಂಡು ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಅರ್ಜಿಯ ಭಾಷೆಯಂತೆ ಕೇಳುವ ಎರಡು ಮೂರನ್ನು ಮಾತ್ರ ಫ್ರೇಸಲ್ ವರ್ಬ್‌ಗೆ ಬದಲಿಸಿ, ಎಲ್ಲವನ್ನೂ ಅಲ್ಲ. ವಾರಕ್ಕೆ ಐದು ಸಾಕು. ಅವು ಒಂದೇ ಸನ್ನಿವೇಶಕ್ಕೆ ಸೇರಿದ್ದರೆ ನೆನಪಿನಲ್ಲಿ ಉಳಿಯುತ್ತವೆ. ಪ್ರಯಾಣದ ಐದು, ಕುಟುಂಬದ ಐದು, ಕೆಲಸದ ಐದು ಎಂಬಂತೆ. ‘ಗೆಟ್’ನಿಂದ ಶುರುವಾಗುವ ಇಪ್ಪತ್ತನ್ನು ಒಟ್ಟಿಗೆ ಕಲಿತರೆ ಅವು ಒಂದಕ್ಕೊಂದು ತೊಡರಿಕೊಂಡು, ಬೇಕಾದಾಗ ಒಂದೂ ಕೈಗೆ ಸಿಗುವುದಿಲ್ಲ. ವಾರದ ಕೊನೆಗೆ ಪಟ್ಟಿ ನೋಡದೆ ಗೆಳೆಯರಿಗೆ ಆ ದಿನದ ಕಥೆ ಹೇಳಿ. ತಾನಾಗಿ ಬಾಯಿಗೆ ಬಂದದ್ದನ್ನು ಮಾತ್ರ ಪರೀಕ್ಷೆಯ ಕೋಣೆಗೆ ಒಯ್ಯಿರಿ.

ಕೋಣೆಯೊಳಗೆ ನಡುವೆ ಕೈತಪ್ಪಿದರೆ

ಎಷ್ಟು ತಯಾರಾಗಿದ್ದರೂ ಒಮ್ಮೊಮ್ಮೆ ನುಡಿಗಟ್ಟು ಅರ್ಧಕ್ಕೆ ಮುರಿಯುತ್ತದೆ. ‘ಐ ಫೈನಲಿ ಗಾಟ್ ದ...’ ಎಂದು ಆರಂಭಿಸಿದ ಮೇಲೆ ‘ಹ್ಯಾಂಗ್’ ನೆನಪಿಗೆ ಬಾರದಿರಬಹುದು. ಆಗ ಅದನ್ನು ಹುಡುಕುತ್ತಾ ಮೂರು ಸೆಕೆಂಡ್ ನಿಲ್ಲುವುದಕ್ಕಿಂತ ‘ಐ ಮೀನ್, ಇಟ್ ಸ್ಟಾರ್ಟೆಡ್ ಟು ಫೀಲ್ ಈಸಿ’ ಎಂದು ಸಾದಾ ಮಾತಿನಲ್ಲಿ ವಾಕ್ಯ ಮುಗಿಸಿ ಮುಂದೆ ಸಾಗುವುದು ಮೇಲು. ಬೇರೆ ಮಾತಿನಲ್ಲಿ ಹೇಳುವ ಶಕ್ತಿಯೂ ಪದಸಂಪತ್ತಿನ ಅಡಿಯಲ್ಲಿ ತೂಗುವ ಗುಣವೇ, ಆದ್ದರಿಂದ ಅಲ್ಲಿ ಕಳೆದದ್ದರ ಒಂದು ಪಾಲು ಇಲ್ಲಿ ಮರಳಿ ಸಿಗುತ್ತದೆ. ತಪ್ಪಾಗಿ ಹೇಳಿದ್ದು ಹೇಳಿದೊಡನೆಯೇ ಹೊಳೆದರೆ ಒಂದು ಸಲ ತಿದ್ದಿಕೊಳ್ಳಿ. ಮುಂದಿನ ಪ್ರಶ್ನೆಗೆ ಹೋದ ಮೇಲೆ ಹೊಳೆದರೆ ಅಲ್ಲಿಯೇ ಬಿಡಿ. ಆ ನರ್ಸ್ ಎರಡನೆಯ ಅಣಕು ಸಂದರ್ಶನದಲ್ಲಿ ‘ಟಾಕ್ಡ್ ಮಿ ಇಂಟು ಇಟ್’ ಮರೆತು ‘ಹಿ ಕೆಪ್ಟ್ ಆಸ್ಕಿಂಗ್ ಅಂಟಿಲ್ ಐ ಸೆಡ್ ಯೆಸ್’ ಎಂದರು. ಆ ಉತ್ತರವನ್ನು ತಿದ್ದಲು ನನಗೆ ಏನೂ ಇರಲಿಲ್ಲ.